ರಜೆಯ ಅರ್ಜಿಯೂ ವೈದ್ಯರ ಓಲೆಯೂ

ನಂಜನಗೂಡಿನ ನಮ್ಮ ಜಗುಲಿಗೆ ಬರುವವರಲ್ಲಿ ಅರ್ಜಿ ಬರೆಯಿಸಿಕೊಳ್ಳಲು ಬರುವವರೇ ಹೆಚ್ಚು. ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ ಊರಿನವರು ನಮಗೆ ಕೊಟ್ಟಿರುವ ಉದ್ಯೋಗವಿದು. ಇದಕ್ಕೆ ಸಂಬಳವಿಲ್ಲ, ತಪ್ಪಿದರೆ ಮಾತ್ರ ಅಪವಾದವುಂಟು. ಅಂತಹ ನಮ್ಮದೊಂದು ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮ ಹಳೆಯ ಶಿಷ್ಯೆಯೊಬ್ಬಳು ತಿರುಮಕೂಡಲು ನರಸೀಪುರದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಮನೆ ನಂಜನಗೂಡಿನಲ್ಲಿ, ದಿನವೂ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರಬೇಕು. ಆಕೆಗೆ ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ಚರ್ಮವು ದಪ್ಪಗಾಗಿ ಬೆಳ್ಳಿಯ ಬಣ್ಣದ ಹೊಟ್ಟು ಏಳುವ ಸೋರಿಯಾಸಿಸ್ ಎಂಬ ವ್ಯಾಧಿ. ಮೈಸೂರಿನ ಚರ್ಮವೈದ್ಯರ ಮುಲಾಮುಗಳಿಂದ ತಗ್ಗುವುದು, ಮತ್ತೆ ಏಳುವುದು. ಎರಡು ವರ್ಷಗಳ ಹಿಂದೆ ಆಯುರ್ವೇದ ವೈದ್ಯರೊಬ್ಬರು ಪಂಚಕರ್ಮಗಳಲ್ಲಿ ಒಂದಾದ ವಿರೇಚನವನ್ನು ಮಾಡಿಸಿಕೊಳ್ಳುವಂತೆ ಹೇಳಿದರು. ವಿಷವನ್ನು ಉಂಡ ದೇವರ ಹೆಸರನ್ನು ಹೊತ್ತ ಊರಿನಲ್ಲಿ, 1913ರಲ್ಲಿ ಪಂಡಿತರು ಸದ್ವೈದ್ಯಶಾಲೆಯನ್ನು ಹುಟ್ಟುಹಾಕಿ ಹಲ್ಲುಪುಡಿಯಿಂದ ನಾಡಿಗೆಲ್ಲ ಪರಿಚಿತವಾದ ಊರಿನಲ್ಲಿ, ಈ ಸಲಹೆಯೇನೂ ಅಪೂರ್ವವಲ್ಲ. ಆಕೆ ನಮ್ಮಲ್ಲಿಗೆ ಬಂದು, “ಮೇಷ್ಟ್ರೆ, ರಜೆಗೆ ಒಂದು ಅರ್ಜಿ ಬರೆದುಕೊಡಿ” ಎಂದಳು.

ನಾವು ಬರೆದೆವು. ಸಂಸ್ಕೃತ ಬಲ್ಲವರೆಂಬ ಹೆಮ್ಮೆಯಿಂದ ಬರೆದೆವು. ಭೇದಿಯ ಔಷಧವನ್ನು ಕೊಡುವುದು ಒಂದು ದಿನ. ಅದಕ್ಕೆ ಮುಂಚೆ ಮೂರು ದಿನ, ಅನಂತರ ಮೂರು ದಿನ, ಒಟ್ಟು ಏಳು ದಿನಗಳು ಸಾಕೆಂದು ನಾವೇ ಲೆಕ್ಕ ಹಾಕಿದೆವು. ವ್ಯಾಧಿಯ ಹೆಸರನ್ನು ವೈದ್ಯರ ಚೀಟಿಯಲ್ಲಿದ್ದಂತೆಯೇ “ಏಕಕುಷ್ಠ” ಎಂದು ನಮೂದಿಸಿ, ಆ ಪದದ ಗಾಂಭೀರ್ಯಕ್ಕೆ ನಾವೇ ತಲೆದೂಗಿದೆವು.

ಈ ಎರಡೂ ಆಕೆಯನ್ನು ಬಾಧಿಸಿದುವು. ಮೊದಲು ಹೆಸರಿನ ಮಾತು. ಆಯುರ್ವೇದದಲ್ಲಿ ಕುಷ್ಠವೆಂಬುದು ಒಂದು ರೋಗದ ಹೆಸರಲ್ಲ, ಚರ್ಮರೋಗಗಳ ಒಂದು ವರ್ಗದ ಹೆಸರು. ಮಹಾಕುಷ್ಠಗಳು ಏಳು, ಕ್ಷುದ್ರಕುಷ್ಠಗಳು ಹನ್ನೊಂದು ಎಂದು ಹದಿನೆಂಟನ್ನು ಎಣಿಸುವರು. ಗಜಕರ್ಣದಂತಹ ಸಾಮಾನ್ಯ ಹುಳುಕಡ್ಡಿಗೂ ಅದರಲ್ಲಿ ಸ್ಥಾನವುಂಟು. ಆದರೆ ಕನ್ನಡದ ವಾಡಿಕೆಯಲ್ಲಿ ಕುಷ್ಠವೆಂದರೆ ಒಂದೇ ಅರ್ಥ. ಅರ್ಜಿಯು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಆ ಶಾಲೆಯಲ್ಲಿ ಪಿಸುಮಾತು ಹಬ್ಬಿತು. ಆಕೆಯ ಊಟದ ಡಬ್ಬಿಯ ಪಕ್ಕದಲ್ಲಿ ಡಬ್ಬಿ ಇಡುವವರು ಇಲ್ಲವಾದರು. ಸೋರಿಯಾಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ. ನಿಜವಾದ ಕುಷ್ಠರೋಗವೂ ಇಂದು ಔಷಧದಿಂದ ಪೂರ್ಣವಾಗಿ ಗುಣವಾಗತಕ್ಕದ್ದು. ಆದರೂ ನಮ್ಮ ಒಂದು ಪದವು ಆ ಹೆಣ್ಣುಮಗಳನ್ನು ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಸಿತು.

ಎರಡನೆಯದು ದಿನಗಳ ಲೆಕ್ಕ. ವಿರೇಚನಕ್ಕೆ ಮುಂಚೆ ಔಷಧಸಿದ್ಧವಾದ ತುಪ್ಪವನ್ನು ಕೆಲವು ದಿನ ಕುಡಿಯಬೇಕು. ನಮ್ಮ ಏಳು ದಿನಗಳಲ್ಲಿ ಇದು ಸೇರಿರಲೇ ಇಲ್ಲವಾದುದರಿಂದ ಆಕೆ ತುಪ್ಪ ಕುಡಿದೇ ಬಸ್ಸು ಹತ್ತಿದಳು. ಹೊಟ್ಟೆ ತೊಳಸುತ್ತ ಪಾಠ ಹೇಳಿದಳು. ಭೇದಿಯಾದ ಬಳಿಕ ನಾಲ್ಕನೆಯ ದಿನಕ್ಕೆ ರಜೆ ಮುಗಿಯಿತು. ಗಂಜಿಯ ಪಥ್ಯ ಇನ್ನೂ ಮೂರು ದಿನ ಬಾಕಿ ಇರುವಾಗಲೇ ಶಾಲೆಗೆ ಹೋಗಿ, ಸಹೋದ್ಯೋಗಿಯೊಬ್ಬರ ಗೃಹಪ್ರವೇಶದಲ್ಲಿ ಪುಳಿಯೋಗರೆ, ಒಬ್ಬಟ್ಟುಗಳನ್ನು ಉಂಡಳು. ಆ ರಾತ್ರಿಯಿಂದ ವಾಂತಿ, ಹೊಟ್ಟೆಯುಬ್ಬರ, ಅನ್ನದ್ವೇಷ. ಮೂರು ವಾರ ಹಾಸಿಗೆ ಹಿಡಿದಳು. ವೇತನವಿಲ್ಲದ ರಜೆಯೂ ಆಯಿತು, ಚರ್ಮದ ಹೊಟ್ಟೂ ಮತ್ತೆ ಎದ್ದಿತು.

ಆದುದರಿಂದ 2025ರ ನವೆಂಬರಿನಲ್ಲಿ ಇನ್ನೊಮ್ಮೆ ಚಿಕಿತ್ಸೆಯ ಮಾತು ಬಂದಾಗ ನಾವು ಲೇಖನಿಯನ್ನು ಕೆಳಗಿಟ್ಟು, ಆಕೆಯೊಡನೆ ವೈದ್ಯರ ಬಳಿಗೆ ಹೋದೆವು. ಈ ಸಲದವರು ಬೇರೆ ವೈದ್ಯರು. ಮೈಸೂರಿನಲ್ಲಿ 1908ರಿಂದ ನಡೆದುಬಂದಿರುವ ಸರ್ಕಾರಿ ಆಯುರ್ವೇದ ವಿದ್ಯಾಲಯದಲ್ಲಿ ಓದಿದವರು. ನಾವು ಕೇಳಿದುದು ಒಂದೇ ಪ್ರಶ್ನೆ: “ಒಟ್ಟು ಎಷ್ಟು ದಿನ?” ಅವರು ನಕ್ಕು, “ಅದನ್ನು ರೋಗಿಯ ಕೋಷ್ಠವೇ ಹೇಳಬೇಕು, ಮೇಷ್ಟ್ರೆ. ನಾನು ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂಬುದನ್ನು ಹೇಳಬಲ್ಲೆ” ಎಂದರು.

ರಜೆಯ ಅರ್ಜಿಯ ಮರ್ಮವೆಲ್ಲ ಈ ಉತ್ತರದಲ್ಲಿದೆ. ಅವರು ವಿವರಿಸಿದ ಕ್ರಮವನ್ನು ಇಲ್ಲಿ ಕೊಡುತ್ತೇವೆ. ವಾಚಕರು ಇದನ್ನು ಮನೆಯಲ್ಲಿ ತಾವೇ ಪ್ರಯೋಗಿಸತಕ್ಕದ್ದಲ್ಲ. ಗರ್ಭಿಣಿಯರು, ಬಹಳ ಕ್ಷೀಣರಾದವರು, ಹೃದ್ರೋಗಿಗಳು ಮೊದಲಾದವರಿಗೆ ವಿರೇಚನವು ಸಲ್ಲದು. ಮಧುಮೇಹ, ರಕ್ತದೊತ್ತಡಗಳಿಗೆ ಮಾತ್ರೆ ನುಂಗುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಮೊದಲ ಮೂರು ದಿನ ಜೀರ್ಣಶಕ್ತಿಯನ್ನು ಹದಗೊಳಿಸುವ ಚೂರ್ಣ. ಆಗ ಕೆಲಸಕ್ಕೆ ಹೋಗಬಹುದು, ರಜೆ ಬೇಡ. ಅನಂತರ ಸ್ನೇಹಪಾನ. ಇಲ್ಲಿ ಕೊಟ್ಟುದು ಬೇವು, ಅಮೃತಬಳ್ಳಿ, ಆಡುಸೋಗೆ ಮೊದಲಾದ ಕಹಿ ಮೂಲಿಕೆಗಳನ್ನು ಹಾಕಿ ಕಾಸಿದ ಪಂಚತಿಕ್ತ ಘೃತ. ಬೆಳಗಿನ ಜಾವ ಬರಿಯ ಹೊಟ್ಟೆಯಲ್ಲಿ, ಮೊದಲ ದಿನ 30 ಮಿಲಿಲೀಟರು. ಜೀರ್ಣವಾಗುವುದನ್ನು ನೋಡಿಕೊಂಡು ದಿನಕ್ಕೆ 30ರಂತೆ ಏರಿಕೆ. ತುಪ್ಪವು ಅರಗಿ ನಿಜವಾದ ಹಸಿವು ಹುಟ್ಟುವವರೆಗೆ ಬಿಸಿನೀರಿನ ಹೊರತು ಬೇರೇನೂ ಇಲ್ಲ. ಒಂದು ದಿನ ಅದು ಹನ್ನೊಂದು ಗಂಟೆಗೆ ಅರಗೀತು, ಮರುದಿನ ಮೂರು ಗಂಟೆಯಾದೀತು. ಹಗಲುನಿದ್ರೆ ಕೂಡದು, ಗಾಳಿಗೆ ಮೈಯೊಡ್ಡಕೂಡದು. “ತುಪ್ಪ ಕುಡಿಯುವುದಕ್ಕೂ ರಜೆಯೆ?” ಎಂದು ನಗುವ ಅಧಿಕಾರಿಗಳಿದ್ದಾರೆ, 100 ಮಿಲಿಲೀಟರು ಕಹಿತುಪ್ಪವನ್ನು ಕುಡಿದು ಬಸ್ಸಿನಲ್ಲಿ ನಿಂತು ಹೋಗುವವರ ಸ್ಥಿತಿಯನ್ನು ಅವರು ಒಮ್ಮೆ ಊಹಿಸಬೇಕು.

ಈ ಸ್ನೇಹಪಾನವು ಕನಿಷ್ಠ 3 ದಿನ, ಗರಿಷ್ಠ 7 ದಿನ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಪಂಚಾಂಗ ಹೇಳದು, ದೇಹ ಹೇಳುವುದು. ವಾಯು ಸರಾಗವಾಗಿ ಸರಿಯುವುದು, ಮಲವು ಜಿಡ್ಡಾಗಿ ಬಿಡಿಯಾಗುವುದು, ಚರ್ಮವು ಮೃದುವಾಗುವುದು, ಕೊನೆಗೆ ತುಪ್ಪವನ್ನು ಕಂಡರೆ ಓಕರಿಕೆ ಬರುವಷ್ಟು ಜುಗುಪ್ಸೆ ಹುಟ್ಟುವುದು: ಇವು ಸಾಕೆಂಬುದರ ಗುರುತುಗಳು. ಮೃದುಕೋಷ್ಠದವರಿಗೆ ಇವು ಮೂರನೆಯ ದಿನಕ್ಕೇ ಕಂಡಾವು; ಕ್ರೂರಕೋಷ್ಠದವರಿಗೆ ಏಳು ದಿನ ಹಿಡಿದೀತು.

ಬಳಿಕ 3 ದಿನ ಮೈಗೆ ಎಣ್ಣೆಯ ಅಭ್ಯಂಗ ಮತ್ತು ಬೆವರಿಳಿಸುವ ಸ್ವೇದನ. ನಾಲ್ಕನೆಯ ದಿನ ಬೆಳಗ್ಗೆ ತ್ರಿವೃತ್ ಲೇಹ್ಯದಿಂದ ವಿರೇಚನ. ಭೇದಿಯ ವೇಗಗಳನ್ನು ಎಣಿಸುವರು. ಮಲದಿಂದ ಕೂಡಿದ ಮೊದಲ ಎರಡು ಮೂರನ್ನು ಬಿಟ್ಟು, ಸುಮಾರು 10 ಆದರೆ ಅವರಶುದ್ಧಿ, 20 ಆದರೆ ಮಧ್ಯಮಶುದ್ಧಿ, 30 ಆದರೆ ಪ್ರವರಶುದ್ಧಿ. ಅತಿಯಾದರೆ ನೀರಿನಂಶ ಬತ್ತಿ ಅಪಾಯವಾದೀತು. ಆದುದರಿಂದ ಆ ದಿನವನ್ನು ವೈದ್ಯರ ಕಣ್ಣೆದುರಿನಲ್ಲಿಯೇ ಕಳೆಯತಕ್ಕದ್ದು.

ಆಮೇಲಿನದು ಸಂಸರ್ಜನ ಕ್ರಮ. ನಾವು ಹಿಂದೆ ಎಡವಿದುದು ಇಲ್ಲಿಯೇ. ಶೋಧನವಾದ ಮೇಲೆ ಜಠರಾಗ್ನಿಯು ಕಿಡಿಯಷ್ಟೇ ಉಳಿದಿರುವುದು. ಕಿಡಿಯನ್ನು ಹುಲ್ಲು, ಬೆರಣಿಗಳಿಂದ ಮೆಲ್ಲಮೆಲ್ಲನೆ ಎಬ್ಬಿಸುವಂತೆ ಅದನ್ನು ಎಬ್ಬಿಸಬೇಕೆಂಬುದು ಚರಕಾಚಾರ್ಯರ ಉಪಮೆ. ಮೊದಲು ತೆಳ್ಳನೆಯ ಗಂಜಿಯಾದ ಪೇಯ, ಆಮೇಲೆ ಗಟ್ಟಿ ಗಂಜಿಯಾದ ವಿಲೇಪಿ, ಆಮೇಲೆ ಉಪ್ಪು ಒಗ್ಗರಣೆಗಳಿಲ್ಲದ ಹೆಸರುಬೇಳೆಯ ಕಟ್ಟು, ಕೊನೆಗೆ ಅವುಗಳನ್ನು ಹಾಕಿದ ಕಟ್ಟು. ಮಾಂಸಾಹಾರಿಗಳಿಗಾದರೆ ಕೊನೆಯಲ್ಲಿ ಮಾಂಸರಸ. ಅವರಶುದ್ಧಿಯಾದವರಿಗೆ ನಾಲ್ಕು ಬಗೆಯೂ ಒಂದೊಂದು ಹೊತ್ತು, ಮಧ್ಯಮರಿಗೆ ಎರಡೆರಡು ಹೊತ್ತು, ಪ್ರವರರಿಗೆ ಮೂರು ಮೂರು ಹೊತ್ತು. ಅಂದರೆ ಕ್ರಮವಾಗಿ 4, 8, 12 ಹೊತ್ತಿನ ಊಟ. ದಿನಕ್ಕೆ ಎರಡು ಹೊತ್ತಿನಂತೆ, ವಿರೇಚನದ ದಿನದ ಸಂಜೆಯಿಂದ ಎಣಿಸಿದರೆ 3, 5, 7 ದಿನಗಳಾಗುವುವು. ಹಿಂದಿನ ಸಲ ಆಕೆಗೆ ಆದುದು ಪ್ರವರಶುದ್ಧಿ. ಏಳು ದಿನ ಬೇಕಾಗಿದ್ದಲ್ಲಿ ನಮ್ಮ ಅರ್ಜಿ ಕೊಟ್ಟುದು ನಾಲ್ಕು!

ಇನ್ನು ಕೂಡಿಸಿ ನೋಡೋಣ. ವಿರೇಚನದ ದಿನವು ಸಂಸರ್ಜನದಲ್ಲಿಯೇ ಸೇರಿರುವುದರಿಂದ ಅದನ್ನು ಬೇರೆಯಾಗಿ ಎಣಿಸಬೇಕಾಗಿಲ್ಲ. ಕನಿಷ್ಠ: ಸ್ನೇಹಪಾನ 3, ಅಭ್ಯಂಗ 3, ಸಂಸರ್ಜನ 3, ಒಟ್ಟು 9 ದಿನ. ಗರಿಷ್ಠ: 7, 3, 7, ಒಟ್ಟು 17 ದಿನ. ಒಂಬತ್ತಕ್ಕೆ ಅರ್ಜಿ ಹಾಕಿದರೆ ನಡುವೆ ರಜೆಯನ್ನು ವಿಸ್ತರಿಸಬೇಕಾಗಿ ಬಂದು, ಹೊಟ್ಟೆಯಲ್ಲಿ ತುಪ್ಪವನ್ನಿಟ್ಟುಕೊಂಡು ಕಚೇರಿಗೆ ಅಲೆಯಬೇಕಾದೀತು. ಹದಿನೇಳಕ್ಕೆ ಹಾಕಿ ಸುಮ್ಮನಿದ್ದರೆ ಬೇಗನೆ ಗುಣವಾದರೂ ಮರಳಿ ಸೇರುವಂತಿಲ್ಲ; ಮಂಜೂರಾದ ರಜೆ ಮುಗಿಯುವ ಮುಂಚೆ ಕೆಲಸಕ್ಕೆ ಹಾಜರಾಗಲು ಮಂಜೂರು ಮಾಡಿದವರ ಅನುಮತಿ ಬೇಕು. ಆದುದರಿಂದ ಗರಿಷ್ಠವನ್ನು ಬೇಡಿ, ಬೇಗ ಮರಳುವ ಅನುಮತಿಯನ್ನು ಅದೇ ಕಾಗದದಲ್ಲಿಯೇ ಬೇಡಿಕೊಳ್ಳುವುದು ಲೇಸೆಂದು ನಿಶ್ಚಯಿಸಿದೆವು.

ಯಾವ ರಜೆ ಎಂಬುದನ್ನೂ ನೋಡಬೇಕಾಯಿತು. ಸಾಂದರ್ಭಿಕ ರಜೆಯು ಇಷ್ಟಕ್ಕೆ ಸಾಲದು, ಬೇರೆ ರಜೆಯೊಡನೆ ಕೂಡುವುದೂ ಇಲ್ಲ. ದಸರೆ, ಬೇಸಿಗೆಗಳ ಬಿಡುವನ್ನು ಅನುಭವಿಸುವ ಉಪಾಧ್ಯಾಯರಿಗೆ ಗಳಿಕೆ ರಜೆಯೂ ಅಲ್ಪ. ಉಳಿದುದು ಅರ್ಧ ವೇತನ ರಜೆ. ಇದು ವರ್ಷಕ್ಕೆ 20 ದಿನ ಜಮೆಯಾಗುವುದು. ವೈದ್ಯಕೀಯ ಪ್ರಮಾಣಪತ್ರವಿದ್ದಲ್ಲಿ ಇದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು; ಆದರೆ ಒಂದು ದಿನಕ್ಕೆ ಎರಡು ದಿನದಂತೆ ಕಳೆಯುವರು. 17 ದಿನಕ್ಕೆ 34 ದಿನ ಕಳೆಯಿತೆಂದು ತಿಳಿಯಬೇಕು. ಆಕೆಯ ಲೆಕ್ಕದಲ್ಲಿ ಅಷ್ಟು ಇದ್ದುವು.

“ದಸರೆಯ ಬಿಡುವಿನಲ್ಲಿ ಏಕೆ ಮಾಡಿಸಿಕೊಳ್ಳಲಿಲ್ಲ?” ಎಂದು ಅಧಿಕಾರಿಗಳು ಕೇಳುವುದು ನ್ಯಾಯವೇ. ಶಾಸ್ತ್ರದಲ್ಲಿಯೂ ವಿರೇಚನಕ್ಕೆ ಶರದೃತುವೇ ಕಾಲ. ದಸರೆ ಬರುವುದೂ ಆಗಲೇ. ಆದರೆ 2025ರಲ್ಲಿ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾಗಿ, ಉಪಾಧ್ಯಾಯರು ದಸರೆಯ ದಿನಗಳಲ್ಲಿ ಮನೆಮನೆ ಸುತ್ತುತ್ತಿದ್ದರು. ಈ ಮಾತನ್ನು ಒಂದೇ ವಾಕ್ಯದಲ್ಲಿ ಅರ್ಜಿಗೆ ಸೇರಿಸಿದೆವು; ದೂರಿನ ದನಿ ಬಾರದಂತೆ ನೋಡಿಕೊಂಡೆವು.

ಅರ್ಜಿಯು ಕಡೆಗೆ ಹೀಗಾಯಿತು:

“ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳವರಿಗೆ. ಮಾನ್ಯರೆ, ನಾನು ಚರ್ಮವ್ಯಾಧಿಯೊಂದಕ್ಕಾಗಿ ನೋಂದಾಯಿತ ಆಯುರ್ವೇದ ವೈದ್ಯರ ಚಿಕಿತ್ಸೆಯಲ್ಲಿರುವೆನು. ವ್ಯಾಧಿಯು ಅಂಟುವಂತಹುದಲ್ಲ. ವೈದ್ಯರು ಸ್ನೇಹಪಾನಪೂರ್ವಕವಾದ ವಿರೇಚನ ಚಿಕಿತ್ಸೆಯನ್ನು ವಿಧಿಸಿರುವರು. ಅವರ ಸಲಹಾಪತ್ರವನ್ನು ಲಗತ್ತಿಸಿದೆ. ದಸರೆಯ ಬಿಡುವಿನಲ್ಲಿ ಸಮೀಕ್ಷಾಕಾರ್ಯದಲ್ಲಿ ನಿಯುಕ್ತಳಾಗಿದ್ದುದರಿಂದ ಆಗ ಚಿಕಿತ್ಸೆ ಪಡೆಯಲಾಗಲಿಲ್ಲ. ಆದುದರಿಂದ 2025ರ ನವೆಂಬರ್ 10ರಿಂದ 26ರವರೆಗೆ 17 ದಿನಗಳ ಪರಿವರ್ತಿತ ರಜೆಯನ್ನು ಮಂಜೂರು ಮಾಡಬೇಕೆಂದು ಪ್ರಾರ್ಥನೆ. ಚಿಕಿತ್ಸೆಯ ಅವಧಿಯು ದೇಹಸ್ಥಿತಿಯನ್ನು ಅನುಸರಿಸಿ ಕಡಿಮೆಯಾಗಬಹುದಾದುದರಿಂದ, ಬೇಗ ಮುಗಿದಲ್ಲಿ ದೈಹಿಕ ದೃಢತೆಯ ಪತ್ರದೊಡನೆ ಮುಂಚಿತವಾಗಿ ಹಾಜರಾಗಲು ಅನುಮತಿಯನ್ನೂ ಬೇಡುವೆನು. ನನ್ನ ತರಗತಿಗಳನ್ನು ವಹಿಸಿಕೊಳ್ಳಲು ಒಪ್ಪಿರುವ ಸಹೋದ್ಯೋಗಿಗಳ ಸಹಿಯನ್ನು ಕೆಳಗೆ ಪಡೆದಿರುವೆನು.”

ವೈದ್ಯರ ಓಲೆಯ ಬಗೆಗೂ ಒಂದು ಮಾತು. ಮೊದಲ ಸಲದ್ದು “ಪಂಚಕರ್ಮ ಮಾಡಿಸಿಕೊಳ್ಳಲು ಸಲಹೆ ನೀಡಲಾಗಿದೆ” ಎಂಬ ಒಂದೇ ಸಾಲಿನದು. ವಿಹಾರಸ್ಥಾನಗಳು ಒಂದು ಗಂಟೆಯ ಎಣ್ಣೆಮಜ್ಜನವನ್ನೂ ಪಂಚಕರ್ಮವೆಂದೇ ಕರೆದು ಮಾರುವ ಈ ಕಾಲದಲ್ಲಿ, ಆ ಒಂದು ಸಾಲನ್ನು ನೋಡಿದ ಅಧಿಕಾರಿಯು ಇದು ಚಿಕಿತ್ಸೆಯೋ ವಿಲಾಸವೋ ಎಂದು ಸಂದೇಹಿಸಿದರೆ ನಾವು ಅವರನ್ನು ದೂರಲಾರೆವು. ಈ ಸಲ ವೈದ್ಯರು ವ್ಯಾಧಿಯನ್ನು “ಸೋರಿಯಾಸಿಸ್” ಎಂದು ಎಲ್ಲರಿಗೂ ತಿಳಿಯುವ ಹೆಸರಿನಿಂದ ಬರೆದು, ಕರ್ಮಗಳನ್ನು ಹಂತಹಂತವಾಗಿ ಕನಿಷ್ಠ, ಗರಿಷ್ಠ ದಿನಗಳೊಡನೆ ನಮೂದಿಸಿ, ಆ ದಿನಗಳಲ್ಲಿ ಪ್ರಯಾಣವೂ ಉದ್ಯೋಗವೂ ಏಕೆ ಕೂಡದೆಂಬುದನ್ನು ಹೇಳಿ, 1961ರ ಕಾಯಿದೆಯ ಮೇರೆಗೆ ಪಡೆದ ತಮ್ಮ ನೋಂದಣಿಸಂಖ್ಯೆಯನ್ನು ಸಹಿಯ ಕೆಳಗೆ ಬರೆದರು. ವ್ಯಾಧಿಯ ಹೆಸರು ಓಲೆಯಲ್ಲಿ ಮಾತ್ರ ಇರಲೆಂದೂ ಓಲೆಯು ಮುಚ್ಚಿದ ಲಕ್ಕೋಟೆಯಲ್ಲಿ ಹೋಗಲೆಂದೂ ಆಕೆ ಬಯಸಿದಳು. ಹಾಗೆಯೇ ಮಾಡಿದೆವು. ಮುಖ್ಯೋಪಾಧ್ಯಾಯರು ಅದನ್ನು ಒಡೆಯದೆ ಮೇಲಕ್ಕೆ ಕಳುಹಿಸಿದರೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ.

ರಜೆಯು ಮಂಜೂರಾಯಿತು. ಸ್ನೇಹಪಾನವು 10ರಂದು ಆರಂಭವಾಯಿತು. ಮೂರನೆಯ ದಿನದ ತುಪ್ಪ ಸಂಜೆ ನಾಲ್ಕಾದರೂ ಅರಗಲಿಲ್ಲ. ಬಾಯಲ್ಲಿ ತುಪ್ಪದ ತೇಗು, ತಲೆಭಾರ. ಅಂದು ರಾತ್ರಿ ಬಿಸಿನೀರನ್ನಷ್ಟೇ ಕೊಟ್ಟು, ಮರುದಿನ ಪ್ರಮಾಣವನ್ನು ಏರಿಸದೆ ಹಿಂದಿನಷ್ಟೇ ಕೊಟ್ಟರು. ಐದನೆಯ ದಿನ ಬಟ್ಟಲನ್ನು ಕಂಡೊಡನೆ ಆಕೆ ಮುಖ ತಿರುಗಿಸಿದಳು. ಉಳಿದ ಗುರುತುಗಳೂ ಕೂಡಿದುವು. 15ರಿಂದ 17ರವರೆಗೆ ಅಭ್ಯಂಗ, 18ರಂದು ವಿರೇಚನ. ಎಣಿಕೆ ಇಪ್ಪತ್ತರ ಆಸುಪಾಸಿನಲ್ಲಿ ನಿಂತು ಮಧ್ಯಮಶುದ್ಧಿಯಾಯಿತು. ಆದುದರಿಂದ ಐದು ದಿನದ ಪಥ್ಯ 22ಕ್ಕೆ ಮುಗಿಯಿತು. 23 ಭಾನುವಾರ. 24ರಂದು ದೃಢತೆಯ ಪತ್ರವನ್ನು ಹಿಡಿದು ಆಕೆ ಶಾಲೆಗೆ ಹಾಜರಾದಳು. 13 ದಿನಗಳಷ್ಟೇ ವ್ಯಯವಾಗಿ, ಉಳಿದ 4 ದಿನಗಳಿಗಾಗಿ ಕಳೆಯಬೇಕಾಗಿದ್ದ 8 ದಿನ ಆಕೆಯ ಲೆಕ್ಕದಲ್ಲಿಯೇ ಉಳಿದುವು.

ಅರ್ಜಿಯ ಕೆಲಸ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆವು. ಆದರೆ ವೈದ್ಯರ ಓಲೆಯಲ್ಲಿ ಕಡೆಯ ಸಾಲೊಂದಿತ್ತು: ಚಿಕಿತ್ಸೆ ನಡೆದುದರ ಎರಡರಷ್ಟು ಕಾಲ ಪರಿಹಾರ, ಅಂದರೆ ಪಥ್ಯದ ಕಟ್ಟುಪಾಡು. 13ರ ಎರಡರಷ್ಟು 26. ನವೆಂಬರ್ 23ರಿಂದ ಡಿಸೆಂಬರ್ 18ರವರೆಗೆ. ಆಗ ಬಿಡಬೇಕಾದುವನ್ನು ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಎಂಟೆಂದು ಎಣಿಸಿದೆ. ಅವುಗಳಲ್ಲಿ ಮೊದಲನೆಯದು ಗಟ್ಟಿಯಾಗಿ ಮಾತನಾಡುವುದು, ಎರಡನೆಯದು ವಾಹನದ ಕುಲುಕಾಟ. ಹೆಚ್ಚು ನಡೆಯುವುದು, ಹೆಚ್ಚು ಹೊತ್ತು ಕೂಡುವುದು, ಅಜೀರ್ಣದಲ್ಲಿ ಉಣ್ಣುವುದು, ಅಹಿತವಾದುದನ್ನು ಉಣ್ಣುವುದು, ಹಗಲುನಿದ್ರೆ, ಸ್ತ್ರೀಪುರುಷಸಂಗ ಇವು ಉಳಿದುವು. ನಾವು ಇದನ್ನು ಓದಿ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಉಪಾಧ್ಯಾಯಿನಿಯ ಕಸುಬೇ ಗಟ್ಟಿಯಾಗಿ ಮಾತನಾಡುವುದು. ಆಕೆಯ ದಾರಿಯೇ ನಂಜನಗೂಡು ನರಸೀಪುರಗಳ ನಡುವಣ ಬಸ್ಸಿನ ಕುಲುಕಾಟ. ಗ್ರಂಥಕಾರರು ಆಕೆಯನ್ನು ಕಂಡೇ ಬರೆದಂತಿತ್ತು.

ಇದಕ್ಕೆ ರಜೆ ಕೇಳುವುದು ಸಾಧ್ಯವಲ್ಲ, ಕೇಳತಕ್ಕದ್ದೂ ಅಲ್ಲ. ಆಕೆ ಆಗ ದೃಢಕಾಯಳೆಂದು ಪತ್ರ ಕೊಟ್ಟಾಗಿದೆ. ಆದುದರಿಂದ ಹಾಜರಾದ ದಿನವೇ ಮುಖ್ಯೋಪಾಧ್ಯಾಯರಿಗೆ ಬೇರೊಂದು ಚಿಕ್ಕ ಕಾಗದವನ್ನು ಬರೆದೆವು: ಡಿಸೆಂಬರ್ 18ರವರೆಗೆ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ಕೂಗುವ ಕೆಲಸವನ್ನೂ ಆಟದ ಪಾಠವನ್ನೂ ಬೇರೆಯವರಿಗೆ ವಹಿಸಬೇಕು, ಅದರ ಬದಲಿಗೆ ದಾಖಲೆಪುಸ್ತಕಗಳ ಬರಹವನ್ನು ಆಕೆ ಮಾಡುವಳು ಎಂದು. ಅವರು ಒಪ್ಪಿದರು. ಬಸ್ಸಿನ ಮಾತಿಗೆ ಆಕೆಯ ತಾಯಿಯೇ ದಾರಿ ಹೇಳಿದರು. ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಯ ಕಡೆಗೆ ಆಕೆಯ ಚಿಕ್ಕಮ್ಮನ ಮನೆಯುಂಟು. ಆ ನಾಲ್ಕು ವಾರ ಅಲ್ಲಿಯೇ ಇದ್ದು, ಹೊಳೆಯ ಕಡೆಯ ಗಾಳಿಗೆ ಶಾಲು ಹೊದ್ದು, ಆಕೆ ಕೆಲಸಕ್ಕೆ ಹೋದಳು.

ವ್ಯಾಧಿಯು ಹೋಯಿತೆ ಎಂದು ವಾಚಕರು ಕೇಳುವರು. ಮೊಣಕೈಗಳು ತಿಳಿಯಾಗಿವೆ, ನೆತ್ತಿಯಲ್ಲಿ ಹೊಟ್ಟು ಇನ್ನೂ ಇದೆ, ಮೈಸೂರಿನ ವೈದ್ಯರ ಮುಲಾಮನ್ನೂ ಬಿಟ್ಟಿಲ್ಲ. ಮರುಕಳಿಸುವ ಸ್ವಭಾವದ ವ್ಯಾಧಿ ಇದು, ಇಂತಿಷ್ಟೇ ಎಂದು ಮಾತು ಕೊಡಲಾರೆನೆಂದು ವೈದ್ಯರು ಮೊದಲೇ ಹೇಳಿದ್ದರು. ಡಿಸೆಂಬರ್ 19ರ ಸಂಜೆ ಬಸ್ಸಿನಿಂದಿಳಿದು ನೇರವಾಗಿ ನಮ್ಮ ಜಗುಲಿಗೆ ಬಂದ ಆಕೆ, ಊಟದ ಡಬ್ಬಿಯನ್ನು ತೆಗೆದು ತೋರಿಸಿದಳು. ಅದರಲ್ಲಿ ಸಹೋದ್ಯೋಗಿನಿಯೊಬ್ಬಳು ತನ್ನ ಡಬ್ಬಿಯಿಂದ ಹಾಕಿಕೊಟ್ಟ ಎರಡು ತುಂಡು ಕೊಬ್ಬರಿಮಿಠಾಯಿ ಇದ್ದುವು. “ಇಂದಿನಿಂದ ತಿನ್ನಬಹುದಲ್ಲವೆ, ಮೇಷ್ಟ್ರೆ?” ಎಂದಳು. ವೈದ್ಯರನ್ನು ಕೇಳೆಂದೆವು.